ಬೀಜದ ಕಾಳು ಮತ್ತು 280 ಕೆಬಿ

ಥೀಸಿಸ್ ಸಬ್‌ಮಿಷನ್‌ಗೆ ಇನ್ನು 19 ದಿನ ಇತ್ತು. 2024ರ ಮೇ ತಿಂಗಳ ಒಂದು ರವಿವಾರ ರಾತ್ರಿ, ಹಾಸ್ಟೆಲ್ ರೂಮಿನಲ್ಲಿ ಕೂತು ನಾಲ್ಕನೇ ಅಧ್ಯಾಯದ ಗ್ರಾಫ್ ತೆಗೆಯೋಣ ಅಂತ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಚ್ಚಿದೆ. ಫೋಲ್ಡರ್ ತೆರೆಯಿತು. ಒಳಗೆ ಏನೂ ಇರಲಿಲ್ಲ. ಬೇರೆ ಕಡೆ ಇಟ್ಟೆನೇನೋ ಅಂದುಕೊಂಡು ಹುಡುಕಿದೆ. ಡಿಸ್ಕ್ ತೆಗೆದು ಮತ್ತೆ ಹಚ್ಚಿದೆ. ಈ ಸಲ ಪರದೆ ಮೇಲೆ ಒಂದು ಸಾಲು ಬಂತು:

```
You need to format the disk in drive E: before you can use it.
```

ಕೈ ತಣ್ಣಗಾಯಿತು. ಕರ್ಸರ್ ಆಗಲೇ ಫಾರ್ಮ್ಯಾಟ್ ಬಟನ್ ಮೇಲೆ ಇತ್ತು. ಪಕ್ಕದ ಮಂಚದಿಂದ ರೂಮ್‌ಮೇಟ್ ಎದ್ದು ಬಂದು ಕೈ ಹಿಡಿದ. "ಒತ್ತಬ್ಯಾಡಲೇ! ಕ್ಯಾನ್ಸಲ್ ಮಾಡು, ವಾಯರ್ ತೆಗಿ. ಮುಂಜಾನೆ ಲ್ಯಾಬಿನ ಸರ್ ಕಡೆ ಹೋಗೋಣು" ಅಂದ. ಆ ರಾತ್ರಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ, ಅದೂ ಅವನು ಮಾಡಿಸಿದ್ದು.

ಆ ಡಿಸ್ಕಿನಲ್ಲಿ ಏನಿತ್ತು

ನಮ್ಮೂರು ಕುಂದಗೋಳ. ನನ್ನ ಎಂ.ಟೆಕ್ ಥೀಸಿಸ್ ನಮ್ಮ ಹೊಲದ ಕರಿ ಮಣ್ಣಿನ ಬಗ್ಗೆ. ಎರೆಭೂಮಿ ಒಣಗಿದಾಗ ಬಿರುಕು ಬಿಡ್ತದೆ, ಮಳೆಯಾದಾಗ ಉಬ್ಬುತ್ತದೆ. ಆ ಬಿರುಕಿನೊಳಗೆ ನೀರು ಎಷ್ಟು ಆಳಕ್ಕೆ, ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಅನ್ನೋದು ನನ್ನ ಪ್ರಶ್ನೆ. 15, 30, 60, 90 ಸೆಂಟಿಮೀಟರ್ ಆಳದಲ್ಲಿ ನಾಲ್ಕು ತೇವಾಂಶ ಸೆನ್ಸರ್ ಹೂಳಿದ್ದೆ. ಒಂದು ಲಾಗರ್ ಪ್ರತಿ ಅರ್ಧ ಗಂಟೆಗೊಮ್ಮೆ ನಾಲ್ಕೂ ಅಂಕಿಗಳನ್ನು ಎಸ್‌ಡಿ ಕಾರ್ಡಿಗೆ ಬರೆಯುತ್ತಿತ್ತು. 2023ರ ಜೂನ್ ಎರಡನೇ ವಾರದಿಂದ ನವೆಂಬರ್ ಎರಡನೇ ವಾರದವರೆಗೆ, ಒಟ್ಟು 22 ವಾರ. ಪ್ರತಿ ರವಿವಾರ ಹುಬ್ಬಳ್ಳಿಯಿಂದ ಊರಿಗೆ ಹೋಗಿ, ಕಾರ್ಡಿನ ಫೈಲ್ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಕಾರ್ಡ್ ಖಾಲಿ ಮಾಡಿ, ಮತ್ತೆ ಲಾಗರಿಗೆ ಹಚ್ಚಿ ಬರುತ್ತಿದ್ದೆ.

ಆ ವರ್ಷದ ಆಗಸ್ಟ್ ನೆನಪಿದೆಯಲ್ಲ? ಭಾರತದಲ್ಲಿ 1901ರಿಂದ ಲೆಕ್ಕ ಇಟ್ಟ ಮೇಲೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಮುಂದೆ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಹೊಲಕ್ಕೆ ಅದು ಕೆಟ್ಟ ಕಾಲ. ನನ್ನ ಥೀಸಿಸಿಗೆ ಮಾತ್ರ ಅದೇ ಜೀವ. ಬಿರುಕು ಬಾಯಿ ತೆರೆದದ್ದು ಆಗಲೇ.

ಇಷ್ಟು ಬೆಲೆಯ ಡೇಟಾ ಒಂದೇ ಡಿಸ್ಕಿನಲ್ಲಿ ಯಾಕಿತ್ತು? ಜನವರಿಯಲ್ಲಿ ಲ್ಯಾಪ್‌ಟಾಪಿನ 256 ಜಿಬಿ ತುಂಬಿತು. ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು. ಥೀಸಿಸ್ ಫೋಲ್ಡರನ್ನು ಕಟ್ ಮಾಡಿ ಎಕ್ಸ್‌ಟರ್ನಲ್ ಡಿಸ್ಕಿಗೆ ಪೇಸ್ಟ್ ಮಾಡಿದೆ. ಕಾಪಿ ಅಲ್ಲ, ಕಟ್. ಡಿಸ್ಕಿಗೆ ಹಾಕಿದೆ ಅಂದ ಕೂಡಲೇ "ಬ್ಯಾಕಪ್ ಆಯಿತು" ಅನ್ನೋ ಸಮಾಧಾನ ಬೇರೆ. ಆಗಿದ್ದು ಬ್ಯಾಕಪ್ ಅಲ್ಲ. ಇದ್ದ ಒಂದೇ ಪ್ರತಿ ಜಾಗ ಬದಲಿಸಿತ್ತು, ಅಷ್ಟೇ.

"ಫೈಲ್ ಹೋಗಿಲ್ಲ, ಪರಿವಿಡಿ ಹೋಗೇತಿ"

ಸೋಮವಾರ ಲ್ಯಾಬ್ ತೆರೆಯುವ ಮೊದಲೇ ಬಾಗಿಲ ಮುಂದೆ ನಿಂತಿದ್ದೆ. ಇನ್‌ಸ್ಟ್ರಕ್ಟರ್ ಸರ್ ಬಂದರು. ಮೂವತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ನೋಡಿದವರು.

"ಏನಾತೋ ತಮ್ಮ, ಮಾರಿ ಹಂಗ್ಯಾಕ ಆಗೇತಿ?"

ಹೇಳಿದೆ. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ರಿಪೇರ್ ಗಿಪೇರ್ ಏನರ ಮಾಡೀ ಏನು?"

"ಇಲ್ರಿ ಸರ್."

"ಹಂಗಾದ್ರ ನೋಡೋಣ."

ಡಿಸ್ಕನ್ನು ಲ್ಯಾಬಿನ ಲಿನಕ್ಸ್ ಮಷಿನ್‌ಗೆ ಹಚ್ಚಿದರು. ಡಿಸ್ಕಿನ ಹೆಸರು, 1 ಟಿಬಿ ಅನ್ನೋ ಗಾತ್ರ ಎರಡೂ ಸರಿಯಾಗಿ ಬಂದವು. "ಇದು ಚಲೋ ಲಕ್ಷಣ. ಟಕ್ ಟಕ್ ಅಂತ ಒಂದ ತಾಳದಾಗ ಬಡಕೊಂತ ಇದ್ದು ಗಾತ್ರ ತೋರಿಸಲಿಲ್ಲ ಅಂದ್ರ ಒಳಗಿನ ಹೆಡ್ ಕೆಟ್ಟಿರತೈತಿ. ಅದಕ್ಕ ಯಾವ ಸಾಫ್ಟ್‌ವೇರೂ ಹಚ್ಚಬಾರದು, ಹಚ್ಚಿದಷ್ಟೂ ತಟ್ಟಿ ಕೆರೀತೈತಿ. ಡಿಸ್ಕ್ ಬಿಚ್ಚಿ ಕೆಲಸ ಮಾಡೋ ರಿಕವರಿ ಲ್ಯಾಬಿಗೇ ಕಳಿಸಬೇಕು" ಅಂದರು. ಆಮೇಲೆ ಈ ಕಮಾಂಡ್ ಕೊಟ್ಟರು:

```
smartctl -a -d sat /dev/sdb
```

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಉದ್ದನೆಯ ಪಟ್ಟಿ ಬಂತು. ಅದರಲ್ಲಿ ಎರಡೇ ಸಾಲಿಗೆ ಬೆರಳಿಟ್ಟು ತೋರಿಸಿದರು. 5ನೇ ನಂಬರಿನ `Reallocated_Sector_Ct`: ಕೆಟ್ಟುಹೋದ ಸೆಕ್ಟರುಗಳ ಬದಲು ಡಿಸ್ಕ್ ಈಗಾಗಲೇ ತನ್ನ ಮೀಸಲು ಸೆಕ್ಟರುಗಳನ್ನು ಎಷ್ಟು ಬಳಸಿದೆ ಅನ್ನೋ ಲೆಕ್ಕ. 197ನೇ ನಂಬರಿನ `Current_Pending_Sector`: ಸದ್ಯ ಓದಲು ಬಾರದೆ ಕೂತಿರುವ ಸೆಕ್ಟರುಗಳ ಲೆಕ್ಕ. ಒಳ್ಳೆಯ ಡಿಸ್ಕಿನಲ್ಲಿ ಎರಡೂ ಸೊನ್ನೆ ಇರಬೇಕು. ನನ್ನದರಲ್ಲಿ 184 ಮತ್ತು 96 ಇದ್ದವು. ಆದರೆ ಅದೇ ಪಟ್ಟಿಯ ಮೇಲ್ಗಡೆ `PASSED` ಅಂತಲೂ ಬರೆದಿತ್ತು! ಆ ಒಂದು ಪದ ನಂಬಬಾರದು, ಕೆಳಗಿನ ಅಂಕಿ ನೋಡಬೇಕು ಅನ್ನೋದನ್ನು ಅವತ್ತು ಕಲಿತೆ. ಅಂಕಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿನಿಂದ ಅವತ್ತೇ ಸಾಮಾನು ಖಾಲಿ ಮಾಡಬೇಕು.

ಎರಡು ತಿಂಗಳಿಂದ ಲಕ್ಷಣ ಕಾಣಿಸುತ್ತಲೇ ಇತ್ತು. ಒಂದು ಫೋಲ್ಡರ್ ತೆರೆಯಲು ಅರ್ಧ ನಿಮಿಷ, ಕಾಪಿ ಮಾಡುವಾಗ ವೇಗ ಸೊನ್ನೆಗೆ ಇಳಿದು ಮತ್ತೆ ಏರುವುದು. ನಾನು ಕೇಬಲ್ ಮೇಲೆ ತಪ್ಪು ಹಾಕಿದ್ದೆ. ಎಸ್‌ಎಸ್‌ಡಿ ಇದ್ದವರಿಗಂತೂ ಇಷ್ಟು ಸೂಚನೆಯೂ ಸಿಗದೆ ಹೋಗಬಹುದು. ಅದು ಸದ್ದಿಲ್ಲದೆ ಒಂದು ದಿನ ಕಾಣೆಯಾಗುತ್ತದೆ.

"ಫೈಲ್ ಎಲ್ಲಿ ಹೋದುವ್ರಿ ಸರ್?" ಅಂದೆ.

"ಎಲ್ಲೂ ಹೋಗಿಲ್ಲೋ. ಪರಿವಿಡಿ ಹೋಗೇತಿ. ದಪ್ಪನ್ನ ಪುಸ್ತಕದ ಮೊದಲ ನಾಕ್ ಹಾಳಿ ಹರದ್ರ ಯಾವ ಪಾಠ ಯಾವ ಪುಟದಾಗ ಐತಿ ತಿಳಿಯಂಗಿಲ್ಲ. ಪಾಠ ಒಳಗ ಇರತಾವ."

ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಮಾಸ್ಟರ್ ಫೈಲ್ ಟೇಬಲ್ ಅಂತ ಒಂದು ಪಟ್ಟಿ ಇರುತ್ತದೆ. ಫೈಲಿನ ಹೆಸರು, ಅದು ಡಿಸ್ಕಿನ ಯಾವ ಜಾಗದಲ್ಲಿದೆ, ಎಲ್ಲ ಅದರಲ್ಲಿ. ಆ ಪಟ್ಟಿ ಇದ್ದ ಸೆಕ್ಟರುಗಳೇ ಓದಲು ಬಾರದಂತಾದರೆ ಫೋಲ್ಡರ್ ಖಾಲಿ ಕಾಣುತ್ತದೆ, ಇಲ್ಲವೇ ವಿಂಡೋಸ್ ಫಾರ್ಮ್ಯಾಟ್ ಕೇಳುತ್ತದೆ. ಫಾರ್ಮ್ಯಾಟ್ ಒತ್ತಿದರೆ ಹರಿದ ಪರಿವಿಡಿಯ ಜಾಗದಲ್ಲಿ ಹೊಸ ಖಾಲಿ ಪರಿವಿಡಿ ಬರೆಯುತ್ತದೆ. ರಿಪೇರಿಗೆ ಅಂತ ಬಹಳ ಜನ ಓಡಿಸುವ `chkdsk /f` ಕೂಡ ಸಾಯುತ್ತಿರುವ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಇಂಥ ಹೊತ್ತಿನಲ್ಲಿ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಮೊದಲು ಇಡೀ ಡಿಸ್ಕಿನ ನಕಲು ತೆಗೆದು, ಹುಡುಕಾಟವನ್ನೆಲ್ಲ ಆ ನಕಲಿನಲ್ಲಿ ಮಾಡಬೇಕು.

31 ಗಂಟೆ

ಸರ್ ಒಂದು ಖಾಲಿ 2 ಟಿಬಿ ಡಿಸ್ಕ್ ಕೊಟ್ಟರು. `lsblk` ಓಡಿಸಿ ಯಾವುದು ಹಳೆಯದು, ಯಾವುದು ಹೊಸದು ಅಂತ ಎರಡು ಸಲ ಓದಿಸಿದರು. ಅದು ಅದಲು ಬದಲಾದರೆ ಬರೆಯುವುದು ಥೀಸಿಸ್ ಇದ್ದ ಡಿಸ್ಕಿನ ಮೇಲೆಯೇ ಆಗಿಬಿಡಬಹುದು.

```
ddrescue -d -n /dev/sdb /mnt/big/disk.img /mnt/big/disk.map
ddrescue -d -r3 /dev/sdb /mnt/big/disk.img /mnt/big/disk.map
```

ಮೊದಲ ಸಾಲು ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಕೆಟ್ಟ ಜಾಗ ಬಂದರೆ ಕೆದಕುತ್ತ ಕೂರದೆ ಮುಂದೆ ಹೋಗುತ್ತದೆ. ಎರಡನೇ ಸಾಲು ಉಳಿದ ಜಾಗಗಳಿಗೆ ಮರಳಿ ಬಂದು ಮೂರು ಸಲ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಆಯಿತು ಅನ್ನೋದು `disk.map` ಫೈಲಿನಲ್ಲಿ ಇರುವುದರಿಂದ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಸೆಕೆಂಡಿಗೆ 100 ಎಂಬಿ ಓದುವ ಆರೋಗ್ಯವಂತ 1 ಟಿಬಿ ಡಿಸ್ಕಿಗೆ ಮೂರು ಗಂಟೆಯೂ ಬೇಡ. ನನ್ನದಕ್ಕೆ 31 ಗಂಟೆ ಹಿಡಿಯಿತು.

ಆ 31 ಗಂಟೆಯಲ್ಲಿ ಬೇರೆ ದಾರಿ ಹುಡುಕಿದೆ. ಎಸ್‌ಡಿ ಕಾರ್ಡ್? ಪ್ರತಿ ವಾರ ಖಾಲಿ ಮಾಡಿದ್ದೆ. ಲ್ಯಾಪ್‌ಟಾಪ್? ನಾಲ್ಕು ತಿಂಗಳಲ್ಲಿ ಆ ಜಾಗದ ಮೇಲೆ ಹತ್ತು ಸಲ ಬೇರೆ ಏನೋ ಬರೆದಿತ್ತು. ಕ್ಲಾಸ್‌ಮೇಟ್ ಒಬ್ಬಳು ಕೇಳಿದಳು, "ನಿಂದು ಕ್ಲೌಡ್‌ನಾಗ ಸಿಂಕ್ ಆಗತಿತ್ತಲ್ಲ?"

ಆಗುತ್ತಿತ್ತು. ಅಲ್ಲೇ ಪೆಟ್ಟು ಬಿದ್ದದ್ದು. ಸಿಂಕ್ ಅಂದರೆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಕ್ಲೌಡ್‌ನಲ್ಲಿ ಇರಬೇಕು, ಇಲ್ಲದ್ದು ಇರಬಾರದು. ಜನವರಿಯಲ್ಲಿ ನಾನು ಫೋಲ್ಡರ್ ಕಟ್ ಮಾಡಿದಾಗ ಅದು "ಇವನು ಅಳಿಸಿದ" ಅಂತ ತಿಳಿದು ತನ್ನ ಪ್ರತಿಯನ್ನೂ ಟ್ರ್ಯಾಶಿಗೆ ಹಾಕಿತು. ಇಂಥ ಟ್ರ್ಯಾಶ್ ಸಾಮಾನ್ಯವಾಗಿ ಒಂದು ತಿಂಗಳ ಆಸುಪಾಸಿನಲ್ಲಿ ತಾನೇ ಖಾಲಿಯಾಗುತ್ತದೆ. ಮೇ ತಿಂಗಳಲ್ಲಿ ಅದರಲ್ಲಿ ಏನು ಉಳಿದೀತು? ಕನ್ನಡಿಯೊಳಗಿನ ಗಂಟು, ಹೊರಗಿನ ಗಂಟು ಇರುವ ತನಕ ಮಾತ್ರ.

ನಕಲು ಮುಗಿಯಿತು. ನಿರೀಕ್ಷೆಯಂತೆ ಪಟ್ಟಿಯ ಭಾಗವೇ ಹೋಗಿತ್ತು. ಫೋಟೋರೆಕ್ ಓಡಿಸಿದೆವು. ಅದು ಪರಿವಿಡಿ ನೋಡುವುದಿಲ್ಲ. ಪ್ರತಿ ಸೆಕ್ಟರ್ ಓದಿ, ಇದು ವರ್ಡ್ ಫೈಲ್, ಇದು ಪಿಡಿಎಫ್ ಅಂತ ಮೊದಲ ಬೈಟ್‌ಗಳ ಗುರುತಿನಿಂದ ಹಿಡಿಯುತ್ತದೆ. ಹಾಗಾಗಿ ಫೈಲ್ ಬಂದರೂ ಹೆಸರು ಬರುವುದಿಲ್ಲ. ನನ್ನ ಲಾಗರ್ ಫೈಲುಗಳು ಬರೀ ಅಕ್ಷರ-ಅಂಕಿಯ ಸಿಎಸ್‌ವಿ. ಅವಕ್ಕೆ ಅಂಥ ಗುರುತೇ ಇಲ್ಲ, ಆದ್ದರಿಂದ ಸಾವಿರಾರು ಬೇರೆ ಪಠ್ಯ ಫೈಲುಗಳ ನಡುವೆ ಬೆರೆತು ಬಂದವು. ಕೈ ಹಿಡಿದದ್ದು ಒಂದೇ ವಿಷಯ. ಪ್ರತಿ ಸಾಲಿನಲ್ಲೂ ತಾರೀಖು ಇತ್ತು:

```
2023-08-02 06:30,31.2,33.8,36.1,37.4
```

ಅದನ್ನೇ ಹಿಡಿದು ಹುಡುಕಿದೆ.

```
grep -rlE "2023-(0[6-9]|1[01])-" recup_dir.*
```

22 ವಾರಗಳಲ್ಲಿ 18 ಸಿಕ್ಕವು. ಥೀಸಿಸಿನ ವರ್ಡ್ ಫೈಲಿನ ಒಂದು ಹಳೆಯ ಆವೃತ್ತಿ ಸಿಕ್ಕಿತು. ಆಮೇಲೆ ಬರೆದ ಅಧ್ಯಾಯ ಗೈಡ್ ಸರ್‌ಗೆ ಮೇಲ್ ಮಾಡಿದ್ದರಿಂದ ಅವರ ಇನ್‌ಬಾಕ್ಸಿನಲ್ಲಿ ಇತ್ತು. ಒಂಬತ್ತನೇ ವಾರದ ಫೈಲನ್ನು "ಗ್ರಾಫ್ ಹೆಂಗ ತೆಗೀಬೇಕು?" ಅಂತ ಕ್ಲಾಸ್‌ಮೇಟ್‌ಗೆ ವಾಟ್ಸಾಪ್ ಮಾಡಿದ್ದೆ. ಅವಳ ಫೋನಿನಿಂದ ಅದೂ ಬಂತು. ಕೊನೆಗೂ ಸಿಗದೆ ಹೋದದ್ದು ಮೂರು ವಾರ. ಅಕ್ಟೋಬರಿನ ಮೊದಲ ವಾರ, ಮತ್ತು ಆಗಸ್ಟ್ 13ರಿಂದ 26ರವರೆಗಿನ ಎರಡು ವಾರ. ಅದೇ ಆಗಸ್ಟ್.

ಅಪ್ಪ ಕೇಳಿದ ಪ್ರಶ್ನೆ

ಊರಿಗೆ ಹೋದೆ. ಅಪ್ಪನಿಗೆ ಹಾರ್ಡ್ ಡಿಸ್ಕ್ ಅಂದರೆ ಏನು ಅಂತ ಹೇಳುವುದು ಕಷ್ಟವಾಗಲಿಲ್ಲ. "ಎಲ್ಲಾ ಬರದಿಟ್ಟ ಡಬ್ಬಿ ಕೆಟ್ಟತಪ್ಪ" ಅಂದೆ.

"ಎಷ್ಟ ದೊಡ್ಡದಿತ್ತೋ ಆ ಲೆಕ್ಕ?"

ಉತ್ತರ ಕೊಡಲು ಅಲ್ಲೇ ಲೆಕ್ಕ ಹಾಕಿದೆ. ದಿನಕ್ಕೆ 48 ಸಾಲು, ವಾರಕ್ಕೆ 336, 22 ವಾರಕ್ಕೆ 7,392 ಸಾಲು. ಸಾಲಿಗೆ 38 ಬೈಟ್. ಒಟ್ಟು ಸುಮಾರು 280 ಕೆಬಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದರ ಹತ್ತು ಪಟ್ಟು ಇರುತ್ತದೆ! 1 ಟಿಬಿ ಡಿಸ್ಕಿನಲ್ಲಿ ಸಿನಿಮಾ, ಸಾಫ್ಟ್‌ವೇರ್, ಹಳೆಯ ಸೆಮಿಸ್ಟರಿನ ಪಿಡಿಎಫ್ ತುಂಬಿದ್ದೆ. ಅವೆಲ್ಲ ಇನ್ನೊಮ್ಮೆ ಸಿಗುವಂಥವು. ಥೀಸಿಸಿನ ಬರಹವನ್ನೂ ನಿದ್ದೆಗೆಟ್ಟು ಮತ್ತೆ ಬರೆಯಬಹುದು. ಮತ್ತೆ ಸಿಗದೆ ಇರುವುದು ಆ 280 ಕೆಬಿ ಮಾತ್ರ, ಯಾಕೆಂದರೆ ಆ ಆಗಸ್ಟ್ ಮತ್ತೆ ಬರುವುದಿಲ್ಲ. ಒಂದು ಮೇಲ್‌ಗೆ ಅಂಟಿಸಿ ನನಗೆ ನಾನೇ ಕಳಿಸಿಕೊಂಡಿದ್ದರೆ ಸಾಕಿತ್ತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಬೀಜದ ಕಾಳ ಯಾರರ ಒಂದ ಹಗೇವಿನ್ಯಾಗ ಇಡತಾರೇನೋ? ಉಣ್ಣೂ ಜ್ವಾಳ ಹಗೇವಿನ್ಯಾಗ ಇರಲಿ, ನೀರ ಹೊಕ್ಕು ಕೆಟ್ರ ಕೊಂಡು ತರಬಹುದು. ಬೀಜದ್ದು ಬ್ಯಾರೆ. ನಿಮ್ಮ ಅಜ್ಜಿ ಬೂದಿ ಹಾಕಿ ಗಡಿಗ್ಯಾಗ ಒಂದಿಷ್ಟು ಇಡತಿದ್ಲು, ಒಂದಿಷ್ಟು ತವರಮನಿಗೆ ಕಳಸತಿದ್ಲು" ಅಂದ.

ಬ್ಯಾಕಪ್ ಬಗ್ಗೆ ಆಮೇಲೆ ಓದಿದ್ದೆಲ್ಲ ಈ ಮಾತಿನ ವಿವರಣೆ ಅನ್ನಿಸಿತು. ಮೊದಲ ಕೆಲಸ ಡಿಸ್ಕ್ ಕೊಳ್ಳುವುದಲ್ಲ, ನಿಮ್ಮ ಫೋಲ್ಡರಿನಲ್ಲಿ ಬೀಜದ ಕಾಳು ಯಾವುದು ಅಂತ ಗುರುತಿಸುವುದು. ಅಳತೆಯ ಮೂಲ ಡೇಟಾ, ಸರ್ವೇ ಉತ್ತರಗಳು, ನೀವೇ ಬರೆದ ಕೋಡ್, ಬರಹ. ಇದು ಹೆಚ್ಚಿನವರಿಗೆ ಒಂದೆರಡು ಜಿಬಿ ದಾಟುವುದಿಲ್ಲ. ಅದಕ್ಕೆ 3-2-1 ಅನ್ನೋ ಲೆಕ್ಕ ಇದೆ: ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಲ್ಯಾಪ್‌ಟಾಪ್ ಮತ್ತು ಹಾರ್ಡ್ ಡಿಸ್ಕ್ ಎರಡೂ ಒಂದೇ ಬ್ಯಾಗಿನಲ್ಲಿದ್ದರೆ ಬಸ್ಸಿನಲ್ಲಿ ಬ್ಯಾಗ್ ಮರೆತ ದಿನ ಎರಡೂ ಹೋದವು.

ಈಗ ನಾನು ಮಾಡುವುದು

ಪ್ರತಿ ರವಿವಾರ ರಾತ್ರಿ, ಊಟಕ್ಕೆ ಮೊದಲು, ಲ್ಯಾಪ್‌ಟಾಪಿನಿಂದ ಹೊಸ ಡಿಸ್ಕಿಗೆ ಆ ದಿನದ ತಾರೀಖಿನ ಫೋಲ್ಡರ್ ಮಾಡುತ್ತೇನೆ:

```
robocopy D:\thesis E:\backup\2024-05-19 /E
```

ಇದರ ಬದಲು `/MIR` ಹಾಕುವವರು ಬಹಳ ಜನ. ಅದು ಕನ್ನಡಿ. ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಲ್ಲೂ ಅಳಿಸುತ್ತದೆ. ಮೂಲ ಫೋಲ್ಡರ್ ಖಾಲಿಯಾದ ದಿನ ಅದನ್ನು ಓಡಿಸಿದರೆ ಬ್ಯಾಕಪ್ಪೂ ಖಾಲಿ, ನನ್ನ ಕ್ಲೌಡ್‌ಗೆ ಆದ ಹಾಗೆಯೇ. ತಾರೀಖಿನ ಫೋಲ್ಡರಿನಲ್ಲಿ ಇನ್ನೊಂದು ಲಾಭ: ಹೋದ ವಾರ ತಪ್ಪಾಗಿ ಒಂದು ಅಧ್ಯಾಯ ಅಳಿಸಿ ಸೇವ್ ಮಾಡಿದ್ದರೂ ಅದರ ಹಿಂದಿನ ವಾರದ್ದು ಇರುತ್ತದೆ. ಕಾಪಿ ಮುಗಿದ ಕೂಡಲೇ ಡಿಸ್ಕ್ ಬಿಚ್ಚಿ ಕಪಾಟಿಗೆ ಹಾಕುತ್ತೇನೆ. ಹಚ್ಚಿಯೇ ಬಿಟ್ಟರೆ ಲ್ಯಾಪ್‌ಟಾಪಿಗೆ ಬಂದ ವೈರಸ್ ಅದಕ್ಕೂ ಬರುತ್ತದೆ. ಮೂರನೇ ಪ್ರತಿ, ತಿಂಗಳಿಗೊಂದು ಜಿಪ್ ಮಾಡಿ ಕ್ಲೌಡ್‌ಗೆ ಹಾಕುತ್ತೇನೆ, ಸಿಂಕ್ ಫೋಲ್ಡರಿಗೆ ಅಲ್ಲ, ಬ್ರೌಸರಿನಿಂದ ಕೈಯಾರೆ ಅಪ್‌ಲೋಡ್. ಒಂದು ಪೆನ್ ಡ್ರೈವ್ ಊರಲ್ಲಿ ಅವ್ವನ ಟ್ರಂಕಿನಲ್ಲಿದೆ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಪೆನ್ ಡ್ರೈವ್ ಅಷ್ಟು ನಂಬಿಕೆಯದಲ್ಲ. ಆದರೂ ಇರಲಿ.

ಕೊನೆಯದು, ಎಲ್ಲರೂ ಬಿಡುವ ಹೆಜ್ಜೆ: ಮರಳಿ ತೆರೆದು ನೋಡುವುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಎಂಜಿನಿಯರ್ ತಪ್ಪು ಸರ್ವರಿನ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ, ಹೂಡಿಟ್ಟಿದ್ದ ಐದು ವ್ಯವಸ್ಥೆಗಳಲ್ಲಿ ಒಂದೂ ನೆಚ್ಚುವಂತೆ ಕೆಲಸ ಮಾಡುತ್ತಿರಲಿಲ್ಲ. ದಿನದಿನದ ಬ್ಯಾಕಪ್ ಆವೃತ್ತಿಯ ಹೊಂದಾಣಿಕೆ ಇಲ್ಲದೆ ಸದ್ದಿಲ್ಲದೆ ವಿಫಲವಾಗುತ್ತಿತ್ತು, ಎಚ್ಚರಿಕೆಯ ಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಒಬ್ಬರು ಬೇರೆ ಕೆಲಸಕ್ಕೆ ಅಂತ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಆರು ಗಂಟೆಯ ಡೇಟಾ ಹೋಯಿತು. ಇದನ್ನೆಲ್ಲ ಆ ಕಂಪನಿಯೇ ಮುಚ್ಚಿಡದೆ ಬರೆದು ಪ್ರಕಟಿಸಿದೆ.

ಅದಕ್ಕೇ ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಗೆಳೆಯನ ಲ್ಯಾಪ್‌ಟಾಪಿಗೆ ಹಚ್ಚಿ, ಒಂದೆರಡು ಫೈಲ್ ತೆರೆದು, ಮೂಲದ್ದೂ ಬ್ಯಾಕಪ್‌ನದ್ದೂ ಒಂದೇ ಇದೆಯಾ ಅಂತ ನೋಡುತ್ತೇನೆ:

```
certutil -hashfile week12.csv SHA256
```

ಎರಡೂ ಕಡೆ ಒಂದೇ ಅಕ್ಷರಮಾಲೆ ಬಂದರೆ ಬೈಟ್‌ಗೆ ಬೈಟ್ ಸರಿ ಇದೆ ಅಂತ ಅರ್ಥ. ಒಂದು ಅಂಕಿ ಬೇರೆ ಇದ್ದರೂ ಪೂರ್ತಿ ಬೇರೆ ಬರುತ್ತದೆ. ಇಡೀ ಕೆಲಸಕ್ಕೆ ಹತ್ತು ನಿಮಿಷ.

ಗ್ರಾಫಿನ ಖಾಲಿ ಜಾಗ

ಇನ್ನು ಆ ಮೂರು ವಾರ. ಒಟ್ಟು 1,008 ಸಾಲು. ಹಿಂದಿನ ಮತ್ತು ಮುಂದಿನ ವಾರದ ನಡುವೆ ಒಂದು ಗೆರೆ ಎಳೆದು ಅಂಕಿ ತುಂಬಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ರಾತ್ರಿ ತುಂಬಿಯೂ ನೋಡಿದೆ. ಗ್ರಾಫ್ ಚೆಂದ ಬಂತು. ಮರುದಿನ ಗೈಡ್ ಸರ್ ಮುಂದೆ ಇಟ್ಟು, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. "ಅಳೀಲಾರದ್ದನ್ನ ಅಳದೇನಿ ಅಂತ ಬರೀಬ್ಯಾಡ. ಖಾಲಿ ಬಿಡು. ಯಾಕ ಖಾಲಿ ಅಂತ ಕೆಳಗ ಒಂದ ಸಾಲು ಬರಿ. ಉಳಿದ 19 ವಾರದಿಂದ ಏನ್ ಹೇಳಾಕ ಬರತೈತೋ ಅಷ್ಟ ಹೇಳು" ಅಂದರು.

ಬರಗಾಲದ ಬಿರುಕಿನ ಬಗ್ಗೆ ಇದ್ದ ಒಂದು ದೊಡ್ಡ ತೀರ್ಮಾನವನ್ನು ತೆಗೆಯಬೇಕಾಯಿತು. ಸಬ್‌ಮಿಷನ್ ತಾರೀಖಿಗೆ ಆಯಿತು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನೇರವಾಗಿ ಆ ಖಾಲಿ ಜಾಗಕ್ಕೆ ಪೆನ್ ಇಟ್ಟು ಕೇಳಿದರು, "ಆಗಸ್ಟ್‌ನಾಗೇನು ಮಳಿ ಬಂದು ಲಾಗರ್ ಕೆಟ್ಟಿತ್ತೇನು?"

"ಇಲ್ರಿ ಸರ್, ಮಳಿ ಬಂದಿರಲಿಲ್ಲ, ಲಾಗರೂ ಕೆಟ್ಟಿರಲಿಲ್ಲ. ಕಾಪಿ ಇಟ್ಟಿರಲಿಲ್ರಿ" ಅಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿ, ಪುಟ ತಿರುವಿ, ಮುಂದಿನ ಪ್ರಶ್ನೆ ಕೇಳಿದರು.

ಈ ಪುಟ ಮುಚ್ಚಿದ ಮೇಲೆ ನಿಮ್ಮ ಪ್ರಾಜೆಕ್ಟ್ ಫೋಲ್ಡರ್ ಒಮ್ಮೆ ತೆರೆಯಿರಿ. ಮತ್ತೆ ಮಾಡಲು ಬಾರದ ಫೈಲ್ ಯಾವುದು ಹುಡುಕಿ, ಅದರ ಗಾತ್ರ ನೋಡಿ. ನನ್ನದರ ಹಾಗೆ ಕೆಬಿ ಲೆಕ್ಕದಲ್ಲಿದ್ದರೆ, ಮಲಗುವ ಮೊದಲು ನಿಮಗೆ ನೀವೇ ಒಂದು ಮೇಲ್ ಹಾಕಿಕೊಳ್ಳಿ. ಉಳಿದದ್ದನ್ನು ರವಿವಾರ ಮಾಡಿದರಾಯಿತು.